ಭಾರ ಇಳಿದರೂ ಕಾಲಂ ಸೋಲಬಹುದು

“ಜಾಸ್ತಿ ಭಾರಕ್ಕೆ ಪಾಸಾದ ಕಾಲಂ ಅದೇ ಮೊಮೆಂಟ್‌ನಲ್ಲಿ ಕಡಿಮೆ ಭಾರಕ್ಕೂ ಪಾಸಾಗುತ್ತೆ ಅಲ್ವಾ?”

ಆಗಲೇಬೇಕು ಅಂತಿಲ್ಲ. 300×450 ಮಿ.ಮೀ. ಕಾಲಂ ತೆಗೆದುಕೊಳ್ಳಿ. ಎಂ25 ಕಾಂಕ್ರೀಟ್, ಎಫ್‌ಇ415 ಕಂಬಿ, 450ರ ದಿಕ್ಕಿನಲ್ಲಿ ಬಾಗುತ್ತದೆ. ಎರಡೂ ಬದಿಗೆ ಮೂರು ಮೂರು 20 ಮಿ.ಮೀ. ಕಂಬಿ, ಅಂಚಿನಿಂದ ಕಂಬಿಯ ನಡುವಿಗೆ 60 ಮಿ.ಮೀ.

ಭಾರ Pu 1200 kN ಇದ್ದಾಗ ಇದು ಸುಮಾರು 140 kNm ಮೊಮೆಂಟ್ ತಡೆಯುತ್ತದೆ. ಇಲ್ಲಿ ಮೊದಲು ಸೋಲುವುದು ಕಾಂಕ್ರೀಟ್. Pu 480ಕ್ಕೆ ಇಳಿದರೆ 180ರ ಹತ್ತಿರ, ಭಾರ-ಮೊಮೆಂಟ್ ಚಾರ್ಟ್‌ನ ರೇಖೆ ಅತಿ ಹೆಚ್ಚು ಉಬ್ಬುವ ಹೊಟ್ಟೆ ಇದೇ. ಇನ್ನೂ ಇಳಿದರೆ ಎಳೆತದ ಬದಿಯ ಕಂಬಿ ಮೊದಲು ಸೋಲುತ್ತದೆ. ಅದನ್ನು ಒತ್ತಿ ಹಿಡಿಯುತ್ತಿದ್ದ ಭಾರವೇ ಇಲ್ಲವಲ್ಲ! Pu 50ಕ್ಕೆ ಬರೀ 126. ಅಂದರೆ ಬರುವ ಮೊಮೆಂಟ್ Mu 135 ಇದ್ದರೆ 1200ಕ್ಕೆ ಪಾಸು, 50ಕ್ಕೆ ಫೇಲು.

ಐಎಸ್ 456ರಲ್ಲಿ ಸ್ಥಿರ ಭಾರ ಕಡಿಮೆ ಹಿಡಿದು ಭೂಕಂಪದ ಬಲ ಸೇರಿಸುವ 0.9DL + 1.5EL ಸುಮ್ನೆ ಇಟ್ಟಿದ್ದಲ್ಲ. ಮೇಲಿನ ಮಹಡಿಯ ಕಾಲಂಗಳಲ್ಲಿ ಆ ಬಿಂದುವನ್ನೂ ಚಾರ್ಟ್ ಮೇಲೆ ಗುರುತಿಸಿ ನೋಡಿ.