ಮೊತ್ತದ ಕಾಲಮ್ಮಿನಲ್ಲಿ ಕೂತ O ಮತ್ತು l

ಕೋಲಾರದಲ್ಲಿ ನನ್ನದೊಂದು ಚಿಕ್ಕ ಟೈಪಿಂಗ್, ಸ್ಕ್ಯಾನಿಂಗ್ ಅಂಗಡಿ ಇದೆ. ಟೊಮೆಟೊ ಸೀಸನ್ ಮುಗಿದ ಮೇಲೆ ರೈತರು ಮಂಡಿ ಬಿಲ್‌ಗಳನ್ನು ಕಟ್ಟು ಕಟ್ಟಿ ತರುತ್ತಾರೆ. ಅಣ್ಣ ತಮ್ಮ ಪಾಲು ಮಾಡಿಕೊಳ್ಳಬೇಕು, ಇಲ್ಲವೇ ಗೊಬ್ಬರದಂಗಡಿ ಸಾಲದ ಲೆಕ್ಕ ನೋಡಬೇಕು. "ಎಲ್ಲಾ ಒಂದೇ ಶೀಟಿಗೆ ಹಾಕಿಕೊಡಮ್ಮಾ" ಅಂತಾರೆ. ನಾನು ಸ್ಕ್ಯಾನ್ ಮಾಡಿ, ಚಿತ್ರದಲ್ಲಿರೋ ಅಕ್ಷರ ಓದುವ ಓಸಿಆರ್ ಓಡಿಸಿ, ಎಕ್ಸೆಲ್‌ಗೆ ತಂದು ಕೊಡುತ್ತೇನೆ.

ಒಮ್ಮೆ ಮುಳಬಾಗಿಲು ಕಡೆಯ ಒಬ್ಬ ಅಣ್ಣ ನಾನು ಕೊಟ್ಟ ಪ್ರಿಂಟ್ ನೋಡಿ ಸುಮ್ಮನೆ ನಿಂತುಬಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು, "ಇದೇನಮ್ಮಾ, ಅರ್ಧ ದುಡ್ಡೇ ಇಲ್ವಲ್ಲ?"

ಅವರ ಒಂದು ದಿನದ ಬಿಲ್ ಇದು. ಐದು ಲಾಟು. ಕಾಗದದ ಮೇಲೆ ಒಟ್ಟು 151 ಬಾಕ್ಸ್, 43,850 ರೂಪಾಯಿ ಅಂತ ಇದೆ. ನನ್ನ ಶೀಟಿನಲ್ಲಿ ಒಟ್ಟು 100 ಬಾಕ್ಸ್, 21,850 ರೂಪಾಯಿ. ಶೀಟಿನಲ್ಲಿ ಇದ್ದದ್ದು ಹೀಗೆ. ಎಡದಿಂದ ಬಾಕ್ಸ್, ದರ, ಮೊತ್ತ:

```
4O    310    12,400
25    28O    7,OOO
ll    300    3,300
60    250    l5,000
15    4l0    6,150
```

ಮೇಲಿಂದ ನೋಡಿದರೆ ಎಲ್ಲಾ ಸರಿಯಾಗೇ ಕಾಣುತ್ತೆ, ಅಲ್ವಾ? ಹತ್ತಿರ ಹೋಗಿ ನೋಡಿ. ಮೊದಲ ಸಾಲಿನ 40ರಲ್ಲಿ ಸೊನ್ನೆ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ O ಇದೆ. ಮೂರನೇ ಸಾಲಿನಲ್ಲಿ ಹನ್ನೊಂದು ಅನ್ನೋದು ಎರಡು ಸಣ್ಣ l ಆಗಿದೆ. ಏಳು ಸಾವಿರದಲ್ಲಿ ಮೂರು O, ಹದಿನೈದು ಸಾವಿರದಲ್ಲಿ ಒಂದು l. ಎಕ್ಸೆಲ್ ಪಾಲಿಗೆ ಇವು ಅಂಕಿಗಳೇ ಅಲ್ಲ, ಯಾರದೋ ಹೆಸರು ಇದ್ದ ಹಾಗೆ.

ಅಕ್ಷರ ಬೆರೆತ ಕೋಣೆಯನ್ನು `SUM` ಸುಮ್ಮನೆ ಬಿಟ್ಟು ಮುಂದೆ ಹೋಗುತ್ತೆ. ತಪ್ಪು ಅಂತ ಹೇಳಲ್ಲ, ಕೆಂಪು ಗುರುತು ಹಾಕಲ್ಲ. 7,000 ಮತ್ತು 15,000 ಎರಡನ್ನೂ ಬಿಟ್ಟು ಉಳಿದ ಮೂರನ್ನು ಕೂಡಿ 21,850 ಅಂತ ಕೊಟ್ಟಿದೆ. ಅದೇ ನಾನು `=C1+C2` ಅಂತ ಪ್ಲಸ್ ಹಾಕಿ ಕೂಡಿದ್ದರೆ `#VALUE!` ಅಂತ ಬಂದಿರೋದು, ನಾನೂ ನಿಂತು ನೋಡಿರುತ್ತಿದ್ದೆ. ನನ್ನನ್ನು ಜಾಸ್ತಿ ಹೆದರಿಸಿದ್ದು ಆ 100 ಬಾಕ್ಸ್. ಗುಂಡಗೆ ನೂರು ಅಂತ ಬಂದರೆ ಯಾರಿಗೆ ಅನುಮಾನ ಬರುತ್ತೆ? ಆ ಅಣ್ಣನಿಗೆ ತಮ್ಮ ಲೆಕ್ಕ ಬಾಯಲ್ಲಿ ಇತ್ತು, ಅದಕ್ಕೇ ಸಿಕ್ಕಿತು.

ಈಗ ಯಾವ ಶೀಟ್ ಬಂದರೂ ಮೊದಲು ಇದನ್ನು ನೋಡುತ್ತೇನೆ:

```
=COUNTA(C1:C5)
=COUNT(C1:C5)
```

ಮೊದಲನೆಯದು ತುಂಬಿರುವ ಕೋಣೆಗಳನ್ನು ಎಣಿಸುತ್ತೆ, ಎರಡನೆಯದು ನಿಜವಾದ ಅಂಕಿ ಇರುವುದನ್ನು ಮಾತ್ರ. ಮೇಲಿನ ಬಿಲ್ಲಿಗೆ 5 ಮತ್ತು 3 ಬರುತ್ತೆ. ಎರಡು ಕೋಣೆಯಲ್ಲಿ ಅಕ್ಷರ ಕೂತಿದೆ ಅಂತ ಅಲ್ಲೇ ಗೊತ್ತಾಯಿತು. ಕಣ್ಣಿಗೂ ಒಂದು ಗುರುತು ಇದೆ. ನಾವೇ ಜೋಡಣೆ ಬದಲಿಸದಿದ್ದರೆ ಅಂಕಿ ಕೋಣೆಯ ಬಲಕ್ಕೆ ಒರಗಿರುತ್ತೆ, ಅಕ್ಷರ ಎಡಕ್ಕೆ. ಪ್ರಿಂಟ್ ಚೆನ್ನಾಗಿ ಕಾಣಲಿ ಅಂತ ಎಲ್ಲವನ್ನೂ ನಡುವಿಗೆ ತಂದರೆ ಈ ಗುರುತು ಅಳಿಸಿಹೋಗುತ್ತೆ. ನಾನು ಆವತ್ತು ಮಾಡಿದ್ದು ಅದನ್ನೇ. ಫಾಂಟ್ ಕೂಡ ಮುಖ್ಯ. ಏರಿಯಲ್‌ನಲ್ಲಿ ಸಣ್ಣ l, ದೊಡ್ಡ I ಎರಡೂ ಒಂದೇ ಕಡ್ಡಿ. ಕನ್ಸೋಲಾಸ್‌ಗೆ ಬದಲಿಸಿದರೆ ಸೊನ್ನೆಯ ಹೊಟ್ಟೆಯಲ್ಲಿ ಓರೆಗೆರೆ ಬರುತ್ತೆ, 1 ಮತ್ತು l ಬೇರೆ ಬೇರೆ ಕಾಣುತ್ತೆ.

ಇನ್ನು ಸರಿಪಡಿಸೋದು. ಎಲ್ಲರೂ ಹೇಳೋದು ಒಂದೇ, "ಫೈಂಡ್ ರಿಪ್ಲೇಸ್ ಹಾಕಿ, ಎರಡು ನಿಮಿಷದ ಕೆಲಸ." ನಾನು ಇದನ್ನು ಒಪ್ಪಲ್ಲ, ಯಾಕೆ ಅಂತ ಹೇಳುತ್ತೇನೆ.

ಇಡೀ ಶೀಟಿಗೆ ರಿಪ್ಲೇಸ್ ಹಾಕಿದರೆ ಪಕ್ಕದ ಕಾಲಮ್ ಕೆಡುತ್ತೆ. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ತಗೊಳ್ಳಿ. ಹನ್ನೊಂದು ಅಕ್ಷರ. ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ, ಆಮೇಲೆ ಶಾಖೆಯ ಆರು. ಇಂಡಿಯನ್ ಓವರ್‌ಸೀಸ್ ಬ್ಯಾಂಕಿನದು `IOBA0` ಅಂತ ಶುರುವಾಗುತ್ತೆ. O ತೆಗೆದು 0, I ತೆಗೆದು 1 ಅಂತ ರಿಪ್ಲೇಸ್ ಹಾಕಿದರೆ `10BA0` ಆಗುತ್ತೆ. ಅಲ್ಲಿ ಜಾಗ ನೋಡಿ ತಿದ್ದಬೇಕು. ಮೊದಲ ನಾಲ್ಕರಲ್ಲಿ ಸೊನ್ನೆ ಇದ್ದರೆ ಅದು O. ಐದನೆಯದರಲ್ಲಿ O ಇದ್ದರೆ ಅದು ಸೊನ್ನೆ. ಶಾಖೆಯ ಆರರಲ್ಲಿ ಮಾತ್ರ ಕಾಗದ ನೋಡದೆ ಕೈ ಹಾಕಬಾರದು, ಅಲ್ಲಿ ಅಕ್ಷರವೂ ಬರಬಹುದು.

ಸರಿ, ಬರೀ ಅಂಕಿಯ ಕಾಲಮ್ಮಿಗೆ ಮಾತ್ರ ಹಾಕುತ್ತೇನೆ ಅಂದರೆ? ಅಲ್ಲಿ O ತಾಪತ್ರಯ ಕಮ್ಮಿ. ದರದ ಕಾಲಮ್ಮಿನಲ್ಲಿ O ಅಕ್ಷರಕ್ಕೆ ಏನು ಕೆಲಸ? ಹೆಚ್ಚುಕಮ್ಮಿ ಯಾವಾಗಲೂ ಅದು ಸೊನ್ನೆಯೇ. ಆದರೆ l ಹಾಗಲ್ಲ. ಅದು ಒಂದು ಇರಬಹುದು, ಏನೂ ಅಲ್ಲದೆಯೂ ಇರಬಹುದು. ಬಿಲ್ಲಿನಲ್ಲಿ ಕಾಲಮ್ಮುಗಳ ನಡುವೆ ಗೆರೆ ಇರುತ್ತಲ್ಲ, ಅಂಕಿ ಆ ಗೆರೆಗೆ ಅಂಟಿಕೊಂಡಂತೆ ಪ್ರಿಂಟ್ ಆಗಿದ್ದರೆ ಓಸಿಆರ್ ಗೆರೆಯನ್ನೇ l ಅಂತ ಓದಿಬಿಡುತ್ತೆ. ಅದೇ ಅಣ್ಣನ ಇನ್ನೊಂದು ಬಿಲ್ಲಿನಲ್ಲಿ 22 ಬಾಕ್ಸ್, ದರ 340, ಮೊತ್ತ 7,480. ಶೀಟಿಗೆ ಬಂದಿದ್ದು `l340`. ಕಣ್ಣು ಮುಚ್ಚಿ l ತೆಗೆದು 1 ಹಾಕಿದ್ದರೆ ದರ 1,340 ಆಗುತ್ತಿತ್ತು. ಟೊಮೆಟೊ ಬೆಲೆ ಹೇಗೆ ಏರುತ್ತೆ ಅಂತ ನಮ್ಮೂರವರಿಗೆ ಗೊತ್ತು. ಸಾವಿರ ದಾಟಿದ ದರ ನೋಡಿ ಯಾರೂ ಬೆಚ್ಚಿಬೀಳಲ್ಲ. ಹಾಗೇ `250/-` ಅಂತ ಬರೆದಿದ್ದರೆ ಆ ಓರೆಗೆರೆಯೂ l ಆಗಿ `250l-` ಅಂತ ಬರುತ್ತೆ. l ಅನ್ನು 1 ಮಾಡಿ, ಕೊನೆಯ ಗೀಟು ಅಳಿಸಿದರೆ 2501.

ಅದಕ್ಕೇ ನನ್ನ ಮಾತು ಇಷ್ಟು: ಅಕ್ಷರಗಳನ್ನು ನೋಡುವ ಮೊದಲೇ ಅಳಿಸಬೇಡಿ. ಓಸಿಆರ್ ಅನುಮಾನದಲ್ಲಿ ಓದಿದ ಜಾಗಕ್ಕೆ ಆ O, l ತಾವಾಗೇ ಗುರುತು ಹಾಕಿ ಕೊಟ್ಟಿರುತ್ತವೆ. ಟೆಸರಾಕ್ಟ್ ಅನ್ನೋ ಓಸಿಆರ್ ಪ್ರೋಗ್ರಾಂ ಬಳಸುವವರು ಕೆಲವರು ಅಂಕಿ ಬಿಟ್ಟು ಬೇರೇನೂ ಬರೆಯಬೇಡ ಅಂತ ಮೊದಲೇ ಕಟ್ಟು ಹಾಕುತ್ತಾರೆ:

```
tesseract bill.png out --psm 6 -c tessedit_char_whitelist=0123456789.,
```

ಶೀಟ್ ತುಂಬಾ ಚೊಕ್ಕಟವಾಗಿ ಬರುತ್ತೆ ನಿಜ. ಆದರೆ ಪಕ್ಕದ ಗೆರೆ ಈಗ l ಆಗಿ ಅಲ್ಲ, ನೇರವಾಗಿ 1 ಆಗಿಯೇ ಬರಬಹುದು. 1340 ಅಂತ ಬಲಕ್ಕೆ ಒರಗಿ ಕೂತರೆ `COUNT` ಕೂಡ ಅದನ್ನು ಒಳ್ಳೇ ಅಂಕಿ ಅಂತಲೇ ಎಣಿಸುತ್ತೆ. ನನಗೆ ಚೊಕ್ಕಟವಾದ ಸುಳ್ಳಿಗಿಂತ ಕೊಳಕಾದ `l340` ಬೇಕು.

ನಾನು ಮಾಡೋದು ಹೀಗೆ. ಓಸಿಆರ್ ಕೊಟ್ಟ ಮೂರು ಕಾಲಮ್ಮನ್ನು ಮುಟ್ಟಲ್ಲ. ಅದರ ಪಕ್ಕ ಹೊಸದಾಗಿ ಮೂರು ಕಾಲಮ್ ಮಾಡಿ, E1ರಲ್ಲಿ ಈ ಸೂತ್ರ ಹಾಕಿ, ಬಲಕ್ಕೂ ಕೆಳಕ್ಕೂ ಎಳೆಯುತ್ತೇನೆ:

```
=VALUE(SUBSTITUTE(SUBSTITUTE(SUBSTITUTE(
 SUBSTITUTE(SUBSTITUTE(A1,"O","0"),"o","0"),
 "l","1"),"I","1"),",",""))
```

`SUBSTITUTE` ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆ ಅಂತ ನೋಡುತ್ತೆ, ಅದಕ್ಕೇ O ಮತ್ತು o ಎರಡನ್ನೂ ಹೇಳಿದ್ದೇನೆ. S ಅನ್ನು 5 ಮಾಡು, B ಅನ್ನು 8 ಮಾಡು ಅಂತ ಬೇಕಂತಲೇ ಸೇರಿಸಿಲ್ಲ. ಅಂಥದ್ದು ಬಂದರೆ ಸೂತ್ರ `#VALUE!` ಅಂತ ನಿಲ್ಲುತ್ತೆ, ಆಗ ನಾನು ಬಿಲ್ ತೆಗೆದು ನೋಡುತ್ತೇನೆ. ಕನ್ನಡ ಅಂಕಿಯಲ್ಲಿ ಬರೆದ ಹಳೇ ಲೆಕ್ಕ ಬಂದರೆ ಇನ್ನೊಂದು ಕಷ್ಟ. ನಮ್ಮ ಸೊನ್ನೆ ೦ ಮತ್ತು ಸೊನ್ನೆ ಗುರುತು ಂ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಜೊತೆಗೆ ಇಂಗ್ಲಿಷ್ O ಬೇರೆ. ಅಂಥವನ್ನು ನಾನು ಕೈಯಲ್ಲೇ ಟೈಪ್ ಮಾಡುತ್ತೇನೆ.

ಹಳೇ ಟೈಪ್‌ರೈಟರ್ ಕಾಗದ ಬಂದಾಗ ಮಾತ್ರ ಓಸಿಆರ್ ಮೇಲೆ ಕೋಪ ಮಾಡಿಕೊಳ್ಳಬೇಡಿ. ಎಷ್ಟೋ ಹಳೇ ಇಂಗ್ಲಿಷ್ ಟೈಪ್‌ರೈಟರ್‌ಗಳಲ್ಲಿ ಒಂದರ ಕೀಲಿಯೇ ಇರಲಿಲ್ಲ. ಒಂದು ಬೇಕಾದರೆ ಸಣ್ಣ l ಒತ್ತುತ್ತಿದ್ದರು. ಕೆಲವದರಲ್ಲಿ ಸೊನ್ನೆಯೂ ಇರಲಿಲ್ಲ, O ಒತ್ತಬೇಕಿತ್ತು. ಆ ಕಾಗದದಲ್ಲಿ ಇರೋದೇ l. ಓಸಿಆರ್ ಇದ್ದದ್ದನ್ನು ಇದ್ದ ಹಾಗೇ ಓದಿದೆ.

ಅಂಕಿ ಮಾಡಿದ ಮೇಲೆ ಅದು ಸರಿಯಾದ ಅಂಕಿಯೇ ಅಂತ ನೋಡಬೇಕಲ್ಲ. ಮಂಡಿ ಬಿಲ್ಲಿನಲ್ಲಿ ಇದಕ್ಕೆ ದಾರಿ ಬಿಲ್ಲಿನ ಒಳಗೇ ಇದೆ. ಬಾಕ್ಸ್ ಗುಣಿಸು ದರ, ಅದು ಮೊತ್ತಕ್ಕೆ ಸಮ ಇರಬೇಕು:

```
=E1*F1=G1
```

ಸರಿ ಇದ್ದರೆ `TRUE`, ಇಲ್ಲದಿದ್ದರೆ `FALSE`. ಆ `l340` ಸಾಲನ್ನೇ ನೋಡಿ. 22 ಗುಣಿಸು 1,340 ಅಂದರೆ 29,480. ಬಿಲ್ಲಿನಲ್ಲಿ 7,480 ಇದೆ. `FALSE`. l ಅನ್ನು ಎಸೆದು 340 ಇಟ್ಟರೆ ಸರಿಯಾಗಿ 7,480. l ಅಂದರೆ ಒಂದೋ ಗೆರೆಯೋ ಅಂತ ಗುಣಾಕಾರವೇ ಹೇಳಿತು. 3 ಇದ್ದದ್ದು 8 ಆದರೆ, 1 ಇದ್ದದ್ದು 7 ಆದರೆ ಅಕ್ಷರ ಹುಡುಕಿದರೆ ಸಿಗಲ್ಲ, ಅದೂ ಇಲ್ಲೇ ಸಿಕ್ಕಿಬೀಳುತ್ತೆ.

ಗುಣಾಕಾರಕ್ಕೆ ಸಿಗದ ಒಂದು ತಪ್ಪಿದೆ. ಮಡಿಕೆಯ ಮೇಲಿದ್ದ ಸಾಲನ್ನು ಓಸಿಆರ್ ಪೂರ್ತಿ ಬಿಟ್ಟಿದ್ದರೆ ಉಳಿದ ಸಾಲುಗಳೆಲ್ಲ `TRUE` ಅಂತಲೇ ಇರುತ್ತವೆ. ಅದಕ್ಕೆ ಬಿಲ್ಲಿನ ಕೆಳಗಿರುವ ಒಟ್ಟು ಬಾಕ್ಸ್, ಒಟ್ಟು ಮೊತ್ತ ಎರಡನ್ನೂ ಹೋಲಿಸಬೇಕು. ಮೊದಲ ಬಿಲ್ಲಿನಲ್ಲಿ 151 ಮತ್ತು 43,850 ಎರಡೂ ಕೂಡಿದ ಮೇಲೆಯೇ ನಾನು ಅದನ್ನು ಪಕ್ಕಕ್ಕಿಟ್ಟಿದ್ದು. ಖಾತೆ ನಂಬರ್, ಫೋನ್ ನಂಬರ್‌ಗೆ ಗುಣಾಕಾರವೂ ಇಲ್ಲ, ಒಟ್ಟು ಅನ್ನೋದೂ ಇಲ್ಲ. ಅವನ್ನು ನಾನು ಕಾಗದ ನೋಡಿ ಇನ್ನೊಂದು ಕಾಲಮ್ಮಿಗೆ ಮತ್ತೆ ಟೈಪ್ ಮಾಡಿ, ಎರಡೂ ಒಂದೇನಾ ಅಂತ ನೋಡುತ್ತೇನೆ. ಹಾಗೆ ಮಾಡುವಾಗ ಎರಡೂ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಅಂತ ಇಡಬೇಕು, ಇಲ್ಲದಿದ್ದರೆ ಶುರುವಿನ ಸೊನ್ನೆಗಳು ಹಾರಿಹೋಗುತ್ತವೆ.

ಆವತ್ತು ಆ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಇಡೀ ಕಟ್ಟನ್ನು ಮತ್ತೆ ನೋಡಿದೆವು. ಅವರು ಬಿಲ್ ಓದೋದು, ನಾನು `FALSE` ಬಂದ ಸಾಲು ತೋರಿಸೋದು. ಕೊನೆಗೆ ಒಂದು ಸಾಲು ಎಷ್ಟು ಮಾಡಿದರೂ `FALSE` ಅಂತಲೇ ಉಳಿಯಿತು. 18 ಬಾಕ್ಸ್, ದರ 260, ಮೊತ್ತ 4,860. O ಇಲ್ಲ, l ಇಲ್ಲ, ಗೆರೆಯೂ ತಾಗಿಲ್ಲ. ಬಿಲ್ಲನ್ನು ಬೆಳಕಿಗೆ ಹಿಡಿದು ನೋಡಿದರೆ ಕಾಗದದ ಮೇಲೂ 4,860 ಅಂತಲೇ ಇತ್ತು. ಕೈಯಲ್ಲಿ ಟೈಪ್ ಮಾಡಿದ ಬಿಲ್ ಅದು. 4,680 ಆಗಬೇಕಿತ್ತು, ಅಂಕಿ ಅದಲುಬದಲಾಗಿದೆ. ಅವರಿಗೆ 180 ರೂಪಾಯಿ ಜಾಸ್ತಿ ಬಂದಿದೆ.

"ತಿದ್ದಿಬಿಡಲಾ ಅಣ್ಣಾ?" ಅಂದೆ.

"ಬೇಡಮ್ಮಾ. ಬಿಲ್ಲಾಗೆ ಹೆಂಗೈತೋ ಹಂಗೇ ಇರಲಿ. ಪಕ್ಕದಾಗೆ ಒಂದು ಗುರುತು ಹಾಕು, ನಾಳೆ ಮಂಡಿಗೆ ಹೋದಾಗ ಕೇಳ್ತೀನಿ" ಅಂದರು.

ಆ ಸಾಲಿಗೆ ಹಳದಿ ಬಣ್ಣ ಹಾಕಿ ಪ್ರಿಂಟ್ ಕೊಟ್ಟೆ.