ಡಾಕ್ಟರು ನೋಡದ ಕಣ್ಣಿಗೆ ಡಾಕ್ಟರ ಸಹಿ

ನಮ್ಮ ಭಾವನಿಗೆ 62. ಕಳೆದ ತಿಂಗಳು ಡ್ರೈವಿಂಗ್ ಲೈಸೆನ್ಸ್ ರಿನ್ಯೂ ಮಾಡಿಸಿದರು. ಕಣ್ಣಿನ ಪರೀಕ್ಷೆಯೂ ಆಯಿತು. ಪರೀಕ್ಷೆ ನಡೆಯುವಾಗ ಭಾವ ಆರ್‌ಟಿಓ ಎದುರಿನ ಹೋಟೆಲಿನಲ್ಲಿ ನನ್ನ ಜೊತೆ ಬೈಟೂ ಕಾಫಿ ಕುಡಿಯುತ್ತಿದ್ದರು.

ಏಜೆಂಟ್ ಒಬ್ಬ ಭಾವನ ಫೋಟೋ ಮತ್ತು 300 ರೂಪಾಯಿ ತಗೊಂಡು ಜೆರಾಕ್ಸ್ ಅಂಗಡಿಯ ಹಿಂದೆ ಮಾಯವಾದ. ಹತ್ತು ನಿಮಿಷಕ್ಕೆ ಫಾರಂ 1-ಎ ತಂದುಕೊಟ್ಟ. ಸಹಿ, ಸೀಲು, ಡಾಕ್ಟರ ನೋಂದಣಿ ಸಂಖ್ಯೆ, ಎಲ್ಲಾ ಇತ್ತು. ‘ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟನ್ನು ಗುರುತಿಸಬಲ್ಲರೇ?’ ಅನ್ನೋ ಪ್ರಶ್ನೆಯ ಮುಂದೆ ‘ಹೌದು’ ಅಂತ ಬರೆದಿತ್ತು. ಸೀಲಿನ ಶಾಯಿ ಇನ್ನೂ ಆರಿರಲಿಲ್ಲ, ಕೈಗೆ ಅಂಟಿತು.

"ಡಾಕ್ಟರು ನನ್ನನ್ನ ನೋಡಲೇ ಇಲ್ಲವಲ್ಲಪ್ಪಾ" ಅಂದರು ಭಾವ.

"ಫೋಟೋ ನೋಡಿದಾರೆ ಸಾರ್. ಕಣ್ಣು ಚೆನ್ನಾಗಿ ಬಿಟ್ಟಿದೀರಿ" ಅಂದ ಏಜೆಂಟ್.

ಕಾನೂನು ಕೇಳೋದು ಜಾಸ್ತಿ ಏನಲ್ಲ. 40 ದಾಟದವರು ಸ್ವಂತ ಗಾಡಿಯ ಲೈಸೆನ್ಸಿಗೆ ಫಾರಂ 1 ತುಂಬಿ, ‘ನನಗೆ ಕಣ್ಣು ಕಾಣುತ್ತದೆ’ ಅಂತ ತಾವೇ ಬರೆದುಕೊಟ್ಟರೆ ಸಾಕು. 40 ದಾಟಿದವರಿಗೆ, ಬಾಡಿಗೆ ಗಾಡಿ ಓಡಿಸುವವರಿಗೆ ಡಾಕ್ಟರ ಫಾರಂ 1-ಎ ಬೇಕು. ಫಾರಂ 1ರಲ್ಲಿ ಕಣ್ಣಿನ ಬಗ್ಗೆ ಮುಖ್ಯವಾಗಿ ಮೂರು ಪ್ರಶ್ನೆ: ನಂಬರ್ ಪ್ಲೇಟ್ ಕಾಣುತ್ತಾ, ಕೆಂಪು ಹಸಿರು ಗೊತ್ತಾಗುತ್ತಾ, ಇರುಳುಗುರುಡು ಇದೆಯಾ. ಬಣ್ಣದ ವಿಷಯದಲ್ಲಿ 2020ರಲ್ಲಿ ಸ್ವಲ್ಪ ಸಡಿಲ ಮಾಡಿ, ತೀವ್ರವಲ್ಲದ ಬಣ್ಣಗುರುಡು ಇದ್ದವರಿಗೂ ಲೈಸೆನ್ಸ್ ಸಿಗುವ ಹಾಗೆ ಮಾಡಿದರು. ಒಳ್ಳೆ ಕೆಲಸವೇ. ಕನ್ನಡಕ ಹಾಕಿಕೊಂಡು ನೋಡುವುದಕ್ಕೂ ಅಡ್ಡಿಯಿಲ್ಲ.

ನಂಬರ್ ಪ್ಲೇಟಿನ ಪ್ರಶ್ನೆಯನ್ನು ನಾನು ತಮಾಷೆ ಅಂದುಕೊಂಡಿದ್ದೆ. ಕೂತು ಲೆಕ್ಕ ಹಾಕಿದ ಮೇಲೆ ಗೌರವ ಬಂತು. ಕಾರಿನ ಪ್ಲೇಟಿನ ಅಕ್ಷರ 65 ಮಿಲಿಮೀಟರ್ ಎತ್ತರ, ಗೆರೆ 10 ಮಿಲಿಮೀಟರ್ ದಪ್ಪ ಇರಬೇಕು. ಅದನ್ನು 25 ಮೀಟರಿನಿಂದ ಓದುವುದು ಅಂದರೆ ಕಣ್ಣಾಸ್ಪತ್ರೆಯ ಬೋರ್ಡಿನಲ್ಲಿ 6/9ರ ಸಾಲಿಗೂ 6/12ರ ಸಾಲಿಗೂ ಮಧ್ಯದ ದೃಷ್ಟಿ. 6/12 ಅಂದರೆ ಒಳ್ಳೆ ಕಣ್ಣಿನವರು 12 ಮೀಟರಿನಿಂದ ಓದುವುದನ್ನು ನೀವು 6 ಮೀಟರಿಗೆ ಬಂದು ಓದುತ್ತೀರಿ. ಯಾರೋ ತಲೆ ಓಡಿಸಿಯೇ ಈ ಪ್ರಶ್ನೆ ಬರೆದಿದ್ದಾರೆ. ಅದನ್ನು ಯಾರಾದರೂ ಕೇಳುತ್ತಾರೆ ಅಂತ ನಂಬಿದ್ದೊಂದೇ ಅವರು ಮಾಡಿದ ತಪ್ಪು.

ಭಾನುವಾರ ನಾನೇ ಆರ್‌ಟಿಓ ಆದೆ. ಅಕ್ಕನ ಮನೆ ಮುಂದೆ ನಿಂತಿದ್ದ ಕಾರಿನಿಂದ ಟೇಪು ಹಿಡಿದು 25 ಮೀಟರ್ ಅಳೆದೆವು. ನನ್ನ ನಡಿಗೆಯಲ್ಲಿ 33 ಹೆಜ್ಜೆ. ಹೆಚ್ಚುಕಮ್ಮಿ ಆರು ಕಾರು ಸಾಲಾಗಿ ನಿಂತಷ್ಟು ದೂರ. ಭಾವ ಕನ್ನಡಕ ಸರಿಮಾಡಿಕೊಂಡು ಪಟಪಟ ಓದಿಬಿಟ್ಟರು.

"ನೋಡಿದ್ಯೇನೋ? ಸುಮ್ನೆ ಡಾಕ್ಟರನ್ನ ಅನುಮಾನಿಸ್ತೀಯ."

"ಭಾವ, ಫಾರಂ 1ರಲ್ಲಿ ಒಂದೊಂದೇ ಕಣ್ಣಲ್ಲಿ ಓದಬೇಕು ಅಂತಿದೆ. ಬಲಗಣ್ಣು ಮುಚ್ಚಿಕೊಳ್ಳಿ."

ಮುಚ್ಚಿಕೊಂಡರು. ಕೆಎ ಅನ್ನುವುದನ್ನು ಓದಿದರು. ಅದು ಓದಿದ್ದಲ್ಲ, ಕರ್ನಾಟಕದಲ್ಲಿ ನಿಂತಿದೀವಿ ಅನ್ನೋ ನಂಬಿಕೆ. ಆಮೇಲೆ ಮೂರು ಎಂಟಾಯಿತು, ಎಂಟು ಸೊನ್ನೆಯಾಯಿತು. ಕೊನೆಗೆ "ಪ್ಲೇಟಿಗೆ ಧೂಳು ಕಣೋ" ಅಂದರು. ಕಾರನ್ನು ಬೆಳಗ್ಗೆಯೇ ಅಕ್ಕ ತೊಳೆಸಿದ್ದಳು.

ಎರಡೂ ಕಣ್ಣು ತೆರೆದಾಗ ಒಳ್ಳೆ ಕಣ್ಣು ಕೆಟ್ಟ ಕಣ್ಣಿನ ಮಾನ ಕಾಯುತ್ತದೆ. ಅದಕ್ಕೇ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಅಕ್ಕ ಬಾಗಿಲಲ್ಲೇ ನಿಂತು ಬಾಕಿ ವರದಿ ಒಪ್ಪಿಸಿದಳು. ರಾತ್ರಿ ಎದುರು ಗಾಡಿ ಬಂದರೆ ಇವರು ಬ್ರೇಕ್ ಒತ್ತಿ ಎಲ್ಲರ ಹೆಡ್‌ಲೈಟನ್ನೂ ಬೈಯುತ್ತಾರಂತೆ. ಬೀದಿದೀಪಕ್ಕೆಲ್ಲ ಪ್ರಭಾವಳಿ ಕಾಣುತ್ತದಂತೆ. ಒಂದೂವರೆ ವರ್ಷದಲ್ಲಿ ಮೂರು ಸಲ ಕನ್ನಡಕದ ಪವರ್ ಬದಲಾಗಿದೆ. ಕನ್ನಡಕದಂಗಡಿಯವನು ಮಾತ್ರ ಭಾವನನ್ನು ದೂರದಿಂದಲೇ, ಯಾವ ಬೆಳಕಲ್ಲಾದರೂ ಗುರುತಿಸುತ್ತಾನೆ.

"ಆದ್ರೆ ಇದನ್ನ ನೋಡು" ಅಂತ ಭಾವ ಕನ್ನಡಕ ತೆಗೆದು ಪೇಪರ್ ಹಿಡಿದರು. ಹರಾಜು ನೋಟಿಸಿನ ಇರುವೆ ಸಾಲಿನಂಥ ಅಕ್ಷರವನ್ನು ಮೂಗಿನ ಹತ್ತಿರ ಇಟ್ಟುಕೊಂಡು ಸರಾಗವಾಗಿ ಓದಿದರು. "ಹೋದ ವರ್ಷ ಇದು ಆಗ್ತಿರಲಿಲ್ಲ. ದಿನಾ ಕ್ಯಾರೆಟ್ ತಿಂದಿದ್ದಕ್ಕೆ ಕಣ್ಣು ವಾಪಸ್ ಬಂತು."

ಕಣ್ಣು ಡಾಕ್ಟರ ಹತ್ತಿರ ಎಳಕೊಂಡು ಹೋದೆ. ಅಲ್ಲಿ ಭಾವ ಮೊದಲು ಹೇಳಿದ್ದೇ ಈ ಕ್ಯಾರೆಟ್ ಕಥೆ. ಡಾಕ್ಟರು ನಕ್ಕು, "ಅದೇ ಪೊರೆಯ ಲಕ್ಷಣ" ಅಂದರು. ಪೊರೆ ಬರುವಾಗ ಕೆಲವರಿಗೆ ಕಣ್ಣಿನೊಳಗಿನ ಮಸೂರದ ನಡುಭಾಗ ಗಟ್ಟಿಯಾಗಿ ಬೆಳಕನ್ನು ಹೆಚ್ಚು ಬಗ್ಗಿಸುತ್ತದೆ. ಹತ್ತಿರದ್ದು ಕನ್ನಡಕವಿಲ್ಲದೆ ಕಾಣುತ್ತದೆ, ದೂರದ್ದು ಮಸುಕಾಗುತ್ತದೆ. ಮೊದಮೊದಲು ಹೊಸ ಪವರ್ ಕೊಟ್ಟರೆ ಸರಿಹೋಗುತ್ತದೆ, ನಾಲ್ಕಾರು ತಿಂಗಳಿಗೆ ಮತ್ತೆ ಅದೇ ರಾಗ. ಪವರ್ ಹೀಗೆ ಓಡುತ್ತಾ ಇದ್ದರೆ ತಪ್ಪು ಕನ್ನಡಕದ್ದಲ್ಲ.

ಡಾಕ್ಟರು ಸಣ್ಣ ತೂತಿದ್ದ ಒಂದು ಕರಿ ಬಿಲ್ಲೆಯನ್ನು ಎಡಗಣ್ಣಿನ ಮುಂದೆ ಹಿಡಿದು ಬೋರ್ಡ್ ಓದಿಸಿದರು. ತೂತಿನಲ್ಲಿ ನೋಡಿದಾಗ ಅಕ್ಷರ ಸ್ಪಷ್ಟವಾದರೆ ಸಾಮಾನ್ಯವಾಗಿ ಪವರ್ ಬದಲಿಸಿದರೆ ಸಾಕು. ಆಗಲೂ ಮಸುಕಾಗಿದ್ದರೆ ತೊಂದರೆ ಒಳಗಿದೆ ಅಂತ ಅನುಮಾನ. ಭಾವನಿಗೆ ಮಸುಕಾಗಿಯೇ ಇತ್ತು. ಮಸೂರ ಮಬ್ಬಾದಾಗ ಒಳಗೆ ಬಂದ ಬೆಳಕು ಚೆದುರುತ್ತದೆ. ಪ್ರಭಾವಳಿ ಹುಟ್ಟೋದು ಅಲ್ಲೇ. ರಾತ್ರಿ ಪಾಪೆ ಅಗಲವಾಗುವುದರಿಂದ ಬೆಳಕು ಇನ್ನೂ ಹೆಚ್ಚು ಮಬ್ಬನ್ನು ದಾಟಿ ಬರಬೇಕು. ಹಗಲು ಬೆಳಕಿನ ನಂಬರ್ ಪ್ಲೇಟಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಪಕ್ಕದಿಂದ ಬರುವ ಸ್ಕೂಟರ್‌ಗಳು ‘ಎಲ್ಲಿಂದ ಬಂದವೋ’ ಅನಿಸುತ್ತವಾ ಅಂತಲೂ ಡಾಕ್ಟರು ಕೇಳಿದರು. ಗ್ಲಾಕೋಮಾದಲ್ಲಿ ನೋಟ ಅಂಚಿನಿಂದ ಸದ್ದಿಲ್ಲದೆ ಹೋಗುತ್ತದಂತೆ. ನೇರ ನೋಟ ಚೆನ್ನಾಗೇ ಇರುವುದರಿಂದ ಬೋರ್ಡಿನ ಕೊನೆ ಸಾಲನ್ನೂ ಓದಿ ಪಾಸಾಗಬಹುದು. ಪುಣ್ಯಕ್ಕೆ ಭಾವನಿಗೆ ಅದಿರಲಿಲ್ಲ.

"ಎಡಗಣ್ಣಿಗೆ ಆಪರೇಷನ್ ಮಾಡೋಣ. ಅಲ್ಲಿವರೆಗೆ ರಾತ್ರಿ ಗಾಡಿ ಬೇಡ" ಅಂದರು ಡಾಕ್ಟರು.

ಭಾವ ಮೊಬೈಲಿನಲ್ಲಿದ್ದ ಫಾರಂ 1-ಎ ಫೋಟೋ ತೆಗೆದು ಮೇಜಿನ ಮೇಲೆ ಇಟ್ಟರು. "ಮೊನ್ನೆ ತಾನೇ ನಿಮ್ಮಂಥ ಡಾಕ್ಟರೇ ಚೆನ್ನಾಗಿದೆ ಅಂತ ಬರೆದುಕೊಟ್ಟಿದಾರಲ್ಲ ಸಾರ್."

ಡಾಕ್ಟರು ಅದನ್ನು ದೊಡ್ಡದು ಮಾಡಿ, ಸೀಲು ಓದಿ, ಏನೂ ಹೇಳದೆ ಮೊಬೈಲ್ ವಾಪಸ್ ಕೊಟ್ಟರು.

ಅದೇ ವಾರ ಲೈಸೆನ್ಸ್ ಅಂಚೆಯಲ್ಲಿ ಬಂತು. 55 ದಾಟಿದವರಿಗೆ ಒಂದು ಸಲಕ್ಕೆ ಐದು ವರ್ಷ. ಭಾವ ಕಾರ್ಡನ್ನು ಹಜಾರದ ಮಬ್ಬು ಬೆಳಕಲ್ಲಿ ಮೂಗಿಗೆ ತಾಗಿಸಿಕೊಂಡು, ಸಣ್ಣ ಅಕ್ಷರದ ಕೊನೆ ತಾರೀಕನ್ನು ಒಂದೂ ತಪ್ಪಿಲ್ಲದೆ ಓದಿದರು.

"ಕನ್ನಡಕ ಇಲ್ಲದೇನೇ ಕಣೋ" ಅಂದರು.