ನಲವತ್ತು ಹೆಸರು, ಮೂರು ನಿಮಿಷ

ನಿರೂಪಕಿ ‘ಈಗ ವಂದನಾರ್ಪಣೆ’ ಅನ್ನುತ್ತಿದ್ದಂತೆ ನಮ್ಮ ಬಾಗಲಕೋಟೆ ಕಡೆಯ ಕಾಲೇಜು ಸಭೆಗಳಲ್ಲಿ ಕುರ್ಚಿ ಸರಿಯುವ ಸದ್ದು ಏಳುತ್ತದೆ. ಹಿಂದಿನ ಸಾಲಿನ ಹುಡುಗರು ಅಷ್ಟೊತ್ತಿಗಾಗಲೇ ಶಿರಾ-ಉಪ್ಪಿಟ್ಟಿನ ಪಾಳಿಯಲ್ಲಿರುತ್ತಾರೆ. ಆಗ ನಲವತ್ತು ಹೆಸರಿನ ಪಟ್ಟಿ ಹಿಡಿದು ಮೈಕಿನ ಮುಂದೆ ನಿಲ್ಲುವ ಕೆಲಸ ನನ್ನದು. ಕನ್ನಡ ಮಾಸ್ತರ ಅಲ್ವಾ, ಇನ್ಯಾರಿಗೆ ಬಂದೀತು!

‘ಸನ್ಮಾನ್ಯ ಶ್ರೀ’ಯಿಂದ ಹಿಡಿದು ಹುದ್ದೆಯ ತನಕ ಓದಿದರೆ ಒಬ್ಬರಿಗೆ ಹತ್ತು ಸೆಕೆಂಡ್ ಬೇಕು. ನಲವತ್ತು ಜನಕ್ಕೆ ಹೆಚ್ಚುಕಡಿಮೆ ಏಳು ನಿಮಿಷ. ಜನ ಕೊಡುವುದು ಮೂರೇ. ಹಾಗಾಗಿ ವೇದಿಕೆಯವರ ಬಿರುದು, ಹುದ್ದೆ ನಾನು ಮುಟ್ಟುವುದಿಲ್ಲ. ಸ್ವಾಗತ ಮಾಡಿದವರು ಅದನ್ನೆಲ್ಲ ಹೇಳಿ ಮುಗಿಸಿರುತ್ತಾರೆ. ಕ್ರಮ ಮಾತ್ರ ಆಮಂತ್ರಣ ಪತ್ರಿಕೆಯದ್ದೇ. ಇಲ್ಲಿ ಜಾಣತನ ಬೇಡ, ಹೆಸರು ಹಿಂದುಮುಂದಾದರೆ ಮರುದಿನ ಆಫೀಸಿಗೆ ಫೋನ್ ಬರುತ್ತದೆ. ಹೆಸರಿನ ಜೊತೆ ಅವರ ಭಾಷಣದ ಒಂದು ಮಾತು ಎತ್ತಿಕೊಂಡರೆ ಸಾಕು. ಈ ಸಲದ ಅತಿಥಿಗಳು ತಾವು ಪಿಯುಸಿಯಲ್ಲಿ ಇಂಗ್ಲಿಷ್ ಫೇಲಾಗಿದ್ದನ್ನು ಹೇಳಿಕೊಂಡಿದ್ದರು. ‘ಫೇಲಾದವರಿಗೆ ಧೈರ್ಯ, ಪಾಸಾದವರಿಗೆ ಭಯ ಕೊಟ್ಟ ಅತಿಥಿಗಳಿಗೆ ವಂದನೆ’ ಅಂದೆ. ಎದ್ದಿದ್ದ ಇಬ್ಬರು ಮತ್ತೆ ಕೂತರು.

ವೇದಿಕೆ ಕೆಳಗಿನವರದ್ದೇ ಬೇರೆ ದಾರಿ. ಅಲ್ಲಿ ಮೊದಲು ಕೆಲಸ, ಆಮೇಲೆ ಹೆಸರು. ‘ನಿನ್ನೆ ರಾತ್ರಿ ಗಾಳಿಗೆ ಪೆಂಡಾಲ್ ಹಾರಿ ವಾಲಿಬಾಲ್ ಕಂಬಕ್ಕೆ ಸಿಕ್ಕಿಕೊಂಡಾಗ ಬರಿಗೈಲಿ ಹಗ್ಗ ಜಗ್ಗಿದವರು’ ಅಂತ ಶುರು ಮಾಡಿ, ಐದು ಹೆಸರು ಒಂದೇ ಉಸಿರಿಗೆ ಹೇಳಿ, ಕೊನೆಗೆ ಎಲ್ಲರಿಗೂ ಸೇರಿ ಒಂದೇ ವಂದನೆ. ಕೇಳುವವರಿಗೆ ಹಗ್ಗ ಕಾಣುತ್ತದೆ. ಅದನ್ನು ಬಿಟ್ಟು ಹೆಸರಿಗೊಂದು ‘ವಂದನೆಗಳನ್ನು ಸಲ್ಲಿಸುತ್ತೇನೆ’ ಹಚ್ಚಿದರೆ ನಾಲ್ಕನೆಯ ಹೆಸರಿಗೆ ಹಿಂದಿನಿಂದ ಯಾರಾದರೂ ‘ಎಸ್ ಸರ್’ ಅನ್ನುತ್ತಾರೆ. ಒಂದು ಗುಂಪಿಗೆ ಐದಾರು ಹೆಸರು ದಾಟಿದರೂ ಅಷ್ಟೇ. ಆಗ ಗುಂಪನ್ನೇ ಒಡೆಯಬೇಕು: ಹಗ್ಗ ಜಗ್ಗಿದವರು ಬೇರೆ, ಟಾರ್ಚ್ ಹಿಡಿದು ಸಲಹೆ ಕೊಟ್ಟವರು ಬೇರೆ. ಎರಡನೆಯ ಗುಂಪು ಯಾವಾಗಲೂ ದೊಡ್ಡದು.

ಇಷ್ಟೆಲ್ಲ ಹೊಂದಿಸಿಕೊಂಡರೂ ಚೀಟಿಗಳು ಬಿಡುವುದಿಲ್ಲ. ನಡುವೆಯೇ ಸಿಪಾಯಿ ಬಗ್ಗಿಕೊಂಡು ಬಂದು ಕೈಗೆ ತುರುಕುತ್ತಾನೆ. ಚೀಟಿಯಲ್ಲಿ ಹೆಸರಿರುತ್ತದೆ, ಏನು ಮಾಡಿದರು ಅನ್ನುವುದು ಇರುವುದಿಲ್ಲ. ಈ ಸಲ ಹೆಸರಿನ ಕೆಳಗೆ ‘ದೊಡ್ಡವರು’ ಅಂತಷ್ಟೇ ಇತ್ತು. ‘ನಮ್ಮ ಮೇಲಿನ ಪ್ರೀತಿಯಿಂದ ಕೊನೆತನಕ ಕೂತಿರುವ’ ಅಂತ ಸೇರಿಸಿ ಓದಿದೆ. ಗೇಟಿನ ಹತ್ತಿರ ಕಾರು ಸ್ಟಾರ್ಟ್ ಮಾಡುತ್ತಿದ್ದವರು ಅಲ್ಲಿಂದಲೇ ಕೈಮುಗಿದರು.

ಮೈಕ್‌ಸೆಟ್ ಹುಡುಗನ ಹೆಸರನ್ನು ಮಾತ್ರ ಕಟ್ಟಕಡೆಗೆ ಇಡುತ್ತೇನೆ. ಅವನ ಹೆಸರು ಬಂತೆಂದರೆ ಮುಗಿಯಿತು, ವೈರ್ ಸುತ್ತಲು ಏಳುತ್ತಾನೆ. ಈ ಸಲ ‘ಧ್ವನಿವರ್ಧಕದ...’ ಅನ್ನುವಷ್ಟರಲ್ಲೇ ಮೈಕ್ ಬಂದ್. ರಾಷ್ಟ್ರಗೀತೆ ಇನ್ನೂ ಬಾಕಿ ಇತ್ತು. ತಿರುಗಿ ನೋಡಿದೆ.

‘ಧ್ವನಿ ಅಂದ್ರಲ್ರೀ ಸರ, ಮುಗೀತಂತ ತಿಳಕೊಂಡೆ’ ಅಂದ.